ನೀರಿನ ಖರ್ಚು ಸೊನ್ನೆ

ಕೆಲವರಿಗೆ ಹಾಡು ಒಲಿದಿರುತ್ತದೆ, ಕೆಲವರಿಗೆ ಅಡುಗೆ. ನನಗೆ ಒಲಿದದ್ದು ಫಾರ್ಮು ತುಂಬುವ ವಿದ್ಯೆ. ಆಂಧ್ರದ ಗಡಿಯ ರಾಯದುರ್ಗದಲ್ಲಿ ನಾವಿದ್ದ ಓಣಿಯಲ್ಲಿ ಯಾರಿಗೆ ಪಿಂಚಣಿ ಬೇಕಿದ್ದರೂ, ಯಾರ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರೂ, ನೇರ ನಮ್ಮ ಕಟ್ಟೆಗೆ ಬರುತ್ತಿದ್ದರು. ಹೈಸ್ಕೂಲಿನ ಹುಡುಗಿಯಾದ ನಾನು ಗತ್ತಿನಿಂದ ಪೆನ್ನು ತೆಗೆದು ಬರೆದುಕೊಡುತ್ತಿದ್ದೆ. ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಈಗಲೂ ಕೈ ಕಡಿಯುತ್ತದೆ. ಹೀಗಾಗಿ ನಾನು ಪಂಚಾಯಿತಿ ಕಾರ್ಯದರ್ಶಿಯಾದಾಗ ನಮ್ಮ ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ.

ಕೆಲಸ ಸಿಕ್ಕಿದ್ದು ರೊಳ್ಳ ಮಂಡಲದ, ಅಂದರೆ ಸಣ್ಣ ತಾಲ್ಲೂಕಿನ, ಒಂದು ಊರಿನಲ್ಲಿ. ಮಡಕಶಿರದಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ಊರಿನವರೂ ಕನ್ನಡದವರೇ, ಆದರೆ ಅವರ ಕನ್ನಡ ಬೇರೆ, ನನ್ನದು ಬೇರೆ. ನಾನು "ಹೌದ್ರಿ", "ಯಾಕ್ರಿ" ಅಂದರೆ ಸಾಕು, ಕಟ್ಟೆ ಮೇಲೆ ಕೂತವರು "ಬಳ್ಳಾರಿ ಬಸ್ಸು ಬಂತು" ಅಂತ ನಗುತ್ತಿದ್ದರು. ಕೋಪ ಬಂದಾಗ ನಾನು ತೆಲುಗಿಗೆ ಹೊರಳುತ್ತಿದ್ದೆ. ತೆಲುಗು ಇಬ್ಬರಿಗೂ ಆಫೀಸಿನ ಭಾಷೆ, ಅದರಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವಂತಿರಲಿಲ್ಲ.

ಆ ಊರಿನ ನೀರಿಗೆ ಒಂದು ಪದ್ಧತಿ ಇತ್ತು. ಬೋರ್‌ವೆಲ್ಲಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿ, ಅಲ್ಲಿಂದ ಮೂರು ಕೇರಿಗೆ ಮೂರು ವಾಲ್ವು ತಿರುಗಿಸಿ ಬಿಡಬೇಕು. ಕೊನೆಗೆ ಕುರಿಗಳು ಕುಡಿಯುವ ತೊಟ್ಟಿ ತುಂಬಿಸಬೇಕು. ವಾಲ್ವು ತಿರುಗಿಸಲು ಸೊಂಟದೆತ್ತರದ ಒಂದು ಕಬ್ಬಿಣದ ರಾಡು. ಈ ಕೆಲಸಕ್ಕೆ ಆಳಿಲ್ಲ, ಸಂಬಳವಿಲ್ಲ. ದಿನಕ್ಕೊಂದು ಮನೆ ಸರದಿ. ಇವತ್ತು ನೀರು ಬಿಟ್ಟವರು ಸಂಜೆ ಆ ರಾಡನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಿ ಬರುತ್ತಾರೆ. ಬೆಳಗಾಗುವ ಮುಂಚೆ ಆ ಮನೆಯವರು ಎದ್ದು ನೀರು ಬಿಡಬೇಕು. ಹೇಳುವುದಿಲ್ಲ, ಕೇಳುವುದಿಲ್ಲ. ಬಾಗಿಲಿಗೆ ರಾಡು ಒರಗಿತು ಅಂದರೆ ಸರದಿ ಬಂತು ಅಂತ ಅರ್ಥ. ಈ ಪದ್ಧತಿಯ ಬಗ್ಗೆ ಊರಿಗೆ ಬಲು ಹೆಮ್ಮೆ. ಬಂದ ಹೊಸದರಲ್ಲಿ ಪಂಚಾಯಿತಿ ಅಧ್ಯಕ್ಷರಾದ ಸರ್ಪಂಚರು ನನಗೆ ಇದನ್ನು ತೋರಿಸಿ, "ಸುತ್ತ ಹತ್ತೂರಾಗೆ ಹಿಂಗಿಲ್ಲ ಮೇಡಂ" ಅಂದಿದ್ದರು.

ಆದರೆ ಜನ ಕೆಲಸ ಹುಡುಕಿಕೊಂಡು ಊರು ಬಿಡುತ್ತ ಹೋದ ಹಾಗೆ ಬಾಗಿಲುಗಳಿಗೆ ಬೀಗ ಬಿದ್ದವು. ಬೀಗ ಹಾಕಿದ ಬಾಗಿಲಿಗೆ ಒರಗಿಸಿದ ರಾಡನ್ನು ಬೆಳಿಗ್ಗೆ ಯಾರೂ ಎತ್ತುವುದಿಲ್ಲ. ನೀರು ಬರದಿದ್ದಾಗ ಮೊದಲು ಎದ್ದು ಹೋಗಿ ರಾಡು ತಂದವಳು ಕೆಳಗಿನ ಕೇರಿಯ ಒಬ್ಬ ಹೆಂಗಸು. ಅವಳ ಮನೆಯಲ್ಲಿ ಕುರಿ ಇದ್ದವು. ಕುರಿ ಅರಚುವುದನ್ನು ಕೇಳಿಕೊಂಡು ಮಲಗಲಾರದವಳು. ಒಂದು ದಿನ ಹೋದಳು, ಎರಡು ದಿನ ಹೋದಳು, ಆಮೇಲೆ ರಾಡು ಅವಳ ಮನೆಯಲ್ಲೇ ಉಳಿಯಿತು. ನಾನು ಹೋಗುವಷ್ಟರಲ್ಲಿ ಊರೆಲ್ಲ ಅವಳನ್ನು ನೀರಕ್ಕ ಅನ್ನುತ್ತಿತ್ತು. ಆದರೂ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮಲ್ಲಿ ಸರದಿ.

ನೀರಕ್ಕ ತಿಂಗಳಿಗೆ ಒಂದು ಸಲವಾದರೂ ಆಫೀಸಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಕೇಳುತ್ತಿದ್ದುದು ಒಂದೇ.

"ಮೇಡಮ್ಮ, ಹತ್ತು ದಿನದ ಮಟ್ಟಿಗೆ ನೀರು ಬಿಡಾಕೆ ಯಾರ್ನಾರ ನೋಡ್ಕೊಡಮ್ಮ. ಮಗಳ ಮನೆಗೆ ಹೋಗ್ಬೇಕು."

ಮಗಳನ್ನು ಕೊಟ್ಟದ್ದು ನಮ್ಮ ಕಡೆಗೆ, ಬೊಮ್ಮನಹಾಳದ ಹತ್ತಿರ. ಮೊಮ್ಮಗನ ಮೊದಲ ಕೂದಲು ನೇಮಕಲ್ಲಿನ ಆಂಜನೇಯನಿಗೆ ಹರಕೆ. ಬೀಗರು ಇವಳಿಗೋಸ್ಕರ ಎರಡು ಸಲ ದಿನ ಮುಂದಕ್ಕೆ ಹಾಕಿದ್ದರು. ಹುಡುಗನ ಜುಟ್ಟು ಕಣ್ಣಿಗೆ ಬೀಳುವಷ್ಟು ಬೆಳೆದಿತ್ತಂತೆ. ನಾಲ್ಕು ಬಸ್ಸು ಬದಲಾಯಿಸಿ ಹೋಗುವ ಊರು, ಹೋಗಿ ಮರುದಿನವೇ ಬಾ ಅಂದರೆ ಹೇಗೆ? ಇವಳಿಗೋ, ಹೋದರೆ ಹತ್ತು ದಿನ ಇದ್ದು ಮೊಮ್ಮಗನನ್ನು ಎತ್ತಿ ಆಡಿಸಿ ಬರುವ ಆಸೆ. ನಾನು ಪ್ರತಿಸಲವೂ "ನೋಡ್ತೀನ್ರಿ" ಅನ್ನುತ್ತಿದ್ದೆ. ನೋಡುತ್ತೇನೆ ಅನ್ನುವುದು ಸರಕಾರಿ ಭಾಷೆಯಲ್ಲಿ ಇಲ್ಲ ಅನ್ನುವುದರ ಮರ್ಯಾದೆಯ ರೂಪ. ಅದು ಅವಳಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಇಂಥ ದಿನಗಳಲ್ಲಿ ರಾಜ್ಯ ಹಣಕಾಸು ಆಯೋಗದ ಫಾರ್ಮು ಬಂತು. ಐದು ವರ್ಷಕ್ಕೊಮ್ಮೆ ರಾಜ್ಯಪಾಲರು ನೇಮಿಸುವ ಆಯೋಗ ಇದು. ರಾಜ್ಯ ಸರಕಾರ ಎತ್ತುವ ತೆರಿಗೆಯಲ್ಲಿ ತಾನೆಷ್ಟು ಇಟ್ಟುಕೊಳ್ಳಬೇಕು, ಪಂಚಾಯಿತಿ ಮತ್ತು ಮುನಿಸಿಪಾಲಿಟಿಗಳಿಗೆ ಎಷ್ಟು ಬಿಡಬೇಕು, ಯಾವ ತೆರಿಗೆಯನ್ನು ಅವುಗಳಿಗೇ ವಹಿಸಬೇಕು, ಅನುದಾನ ಎಷ್ಟು ಕೊಡಬೇಕು ಎಂದು ಅದು ಶಿಫಾರಸು ಮಾಡುತ್ತದೆ. ಅದಕ್ಕಾಗಿ ಹಳ್ಳಿಹಳ್ಳಿಯಿಂದ ಲೆಕ್ಕ ಕೇಳಿದ್ದರು. ಹಿಂದಿನ ವರ್ಷಗಳಲ್ಲಿ ಮನೆ ತೆರಿಗೆ ಎಷ್ಟು ಬಂತು, ನೀರಿಗೆ, ದೀಪಕ್ಕೆ, ಕಸಕ್ಕೆ ಎಷ್ಟು ಖರ್ಚಾಯಿತು, ಮುಂದಿನ ಐದು ವರ್ಷಕ್ಕೆ ಎಷ್ಟು ಬೇಕಾಗಬಹುದು. ಪುಟಗಟ್ಟಲೆ ಕಾಲಂಗಳು. ಉಳಿದ ಕಾರ್ಯದರ್ಶಿಗಳು ತಲೆ ಮೇಲೆ ಕೈ ಹೊತ್ತು ಕೂತರೆ, ನನಗೆ ಹಬ್ಬದ ಅಡುಗೆಗೆ ಕೂತಷ್ಟು ಹುರುಪು.

ಮನೆ ತೆರಿಗೆ ವಸೂಲಿ ನಮ್ಮಲ್ಲಿ ಪೂರ್ತಿ. ಬೀಗ ಹಾಕಿದ ಮನೆಯವರೂ ಫೋನಿನಲ್ಲೇ ಕಟ್ಟುತ್ತಿದ್ದರು. ಕರೆಂಟಿನ ಬಿಲ್ಲಿಗೆ ಬೇರೆ ಕಾಲಂ ಇತ್ತು, ಅದನ್ನು ತುಂಬಿದೆ. 'ನೀರು ಸರಬರಾಜು ಸಿಬ್ಬಂದಿಯ ವೆಚ್ಚ' ಎಂಬ ಕಾಲಂಗೆ ಬಂದಾಗ ಒಂದು ಸೊನ್ನೆ ಬರೆದೆ. ಹಿಂದಿನ ವರ್ಷಗಳಿಗೆ ಸೊನ್ನೆ, ಮುಂದಿನ ಐದು ವರ್ಷಕ್ಕೂ ಸೊನ್ನೆ. ಪಕ್ಕದ ರಿಮಾರ್ಕ್ಸ್ ಕಾಲಂನಲ್ಲಿ, ಕೇಳಿದವರು ಯಾರೂ ಇಲ್ಲದಿದ್ದರೂ, 'ಗ್ರಾಮಸ್ಥರೇ ಸರದಿಯ ಮೇಲೆ ನಿರ್ವಹಿಸುತ್ತಾರೆ' ಎಂದು ತೆಲುಗಿನಲ್ಲಿ ಚೆಂದವಾಗಿ ಸೇರಿಸಿದೆ. ಮಂಡಲದಲ್ಲೇ ಮೊದಲ ಫಾರ್ಮು ನನ್ನದು. ಸರ್ಪಂಚರು ನೋಡಿ ಖುಷಿಯಾಗಿ ಟೀ ತರಿಸಿದರು. ಆ ಟೀ ಕುಡಿಯುವಾಗ ನೀರಕ್ಕನ ಮುಖ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ಬರಬೇಕಿತ್ತು.

ಕೆಲವು ವಾರಗಳ ನಂತರ ಆಯೋಗದವರು ಅನಂತಪುರಕ್ಕೆ ಬಂದರು. ಜಿಲ್ಲೆ ಎರಡಾಗಿದ್ದರೂ ಹಳೆಯ ಜಿಲ್ಲೆಯವರನ್ನೆಲ್ಲ ಒಂದೇ ಕಡೆ ಕರೆದಿದ್ದರು. ನಾನು ಮತ್ತು ಸರ್ಪಂಚರು ಬೆಳಿಗ್ಗೆ ಬೇಗ ಹೊರಟು ಹೋಗಿ ಸಭಾಂಗಣದ ನಡುವಿನ ಸಾಲಿನಲ್ಲಿ ಕೂತೆವು. ಮಾತೆಲ್ಲ ತೆಲುಗಿನಲ್ಲಿ. ಒಬ್ಬ ಸರ್ಪಂಚರು ಎದ್ದು, ಜಮೀನು ರಿಜಿಸ್ಟ್ರೇಷನ್ನಿನ ಮುದ್ರಾಂಕ ಶುಲ್ಕದ ಮೇಲಿನ ಸರ್ಚಾರ್ಜಿನಲ್ಲಿ ನಮ್ಮ ಪಾಲು ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂದರು. ಇನ್ನೊಬ್ಬರು, ನಮ್ಮಲ್ಲಿ ಕಲ್ಲು ಕ್ವಾರಿ ಇಲ್ಲ, ಕ್ವಾರಿ ಇರುವ ಊರಿಗೆ ಅದರ ಶುಲ್ಕದ ಪಾಲು ಹೋಗುತ್ತದೆ, ನಾವು ಯಾವ ಕಲ್ಲು ಮಾರೋಣ ಎಂದರು. ಮತ್ತೊಬ್ಬರ ಮಾತು ನನಗೆ ಚೆನ್ನಾಗಿ ನೆನಪಿದೆ. "ತಲೆ ಎಣಿಸಿ ಹಣ ಹಂಚುತ್ತೀರಿ. ನಮ್ಮ ತಲೆಗಳು ಬೆಂಗಳೂರಿನಲ್ಲಿ ಕಾಂಕ್ರೀಟು ಹೊರುತ್ತಿವೆ. ಆದರೆ ಬೀದಿದೀಪ, ಚರಂಡಿ, ಪೈಪು ಇವು ವಲಸೆ ಹೋಗಲ್ಲವಲ್ಲ ಸಾರ್?" ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆಮೇಲೆ ಆಯೋಗದ ಕಡೆಯ ಒಬ್ಬ ಹಿರಿಯ ಅಧಿಕಾರಿ ಕೆಲವು ಫಾರ್ಮುಗಳನ್ನು ಎತ್ತಿಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿ ನಮ್ಮ ಊರಿನ ಹೆಸರು ಓದಿದರು. ನಾನು ಎದ್ದು ನಿಂತೆ. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ.

"ನೀರಿಗೆ ಸಿಬ್ಬಂದಿ ಖರ್ಚು ಸೊನ್ನೆ," ಎಂದರು. "ಊರಿನವರೇ ಸರದಿಯಲ್ಲಿ ಮಾಡುತ್ತಾರಾ?"

"ಹೌದು ಸಾರ್."

"ಬಹಳ ಒಳ್ಳೆಯದು. ಇವತ್ತು ಬೆಳಿಗ್ಗೆ ನೀರು ಬಿಟ್ಟವರು ಯಾರು?"

"ಕೆಳಗಿನ ಕೇರಿಯ ಒಬ್ಬ ಹೆಣ್ಣುಮಗಳು ಸಾರ್."

"ನಿನ್ನೆ?"

"ಅವಳೇ ಸಾರ್."

"ನಾಳೆ?"

ಸಭೆಯಲ್ಲಿ ಹಿಂದಿನ ಸಾಲಿನವರು ನಗತೊಡಗಿದರು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಪಕ್ಕದಲ್ಲಿ ಸರ್ಪಂಚರು ತಮ್ಮ ಚಪ್ಪಲಿ ನೋಡುತ್ತ ಕೂತಿದ್ದರು.

ಅಧಿಕಾರಿ ನಗಲಿಲ್ಲ. ಮೇಷ್ಟರ ಹಾಗೆ ನಿಧಾನವಾಗಿ ಹೇಳಿದರು. "ಅಮ್ಮಾ, ನಿಮ್ಮ ಒಂದು ಸೊನ್ನೆಯಿಂದ ನಿಮ್ಮ ಊರಿನ ಪಾಲು ಇಳಿಯುವುದಿಲ್ಲ. ನಾವು ಊರಿಗೊಂದು ಮೊತ್ತ ಬರೆಯುವವರಲ್ಲ. ಎಲ್ಲ ಊರುಗಳ ಲೆಕ್ಕ ಸೇರಿಸಿ, ಒಂದು ಹಳ್ಳಿ ನಡೆಯಲು ಎಷ್ಟು ಬೇಕು, ಅದರಲ್ಲಿ ಅದು ತಾನೇ ಎಷ್ಟು ಎತ್ತಬಲ್ಲದು ಅಂತ ಅಂದಾಜು ಮಾಡುತ್ತೇವೆ. ಉಳಿದ ಕೊರತೆಗೆ ರಾಜ್ಯ ತನ್ನ ತೆರಿಗೆಯಲ್ಲಿ ಎಷ್ಟು ಬಿಡಬೇಕು ಅಂತ ಹೇಳುತ್ತೇವೆ. ಆಮೇಲೆ ಆ ಹಣವನ್ನು ಜನಸಂಖ್ಯೆ, ವಿಸ್ತೀರ್ಣ, ಹಿಂದುಳಿದಿರುವಿಕೆ ಅಂಥವುಗಳ ಮೇಲೆ ಹಂಚುವ ದಾರಿ ಸೂಚಿಸುತ್ತೇವೆ. ನಿಮ್ಮಂಥ ಸೊನ್ನೆಗಳು ಊರೂರಿಂದ ಬಂದರೆ, ಹಳ್ಳಿಗೆ ನೀರು ಬಿಡಲು ಆಳೇ ಬೇಡ ಅಂತ ನಮ್ಮ ಲೆಕ್ಕ ಹೇಳುತ್ತದೆ. ಆಮೇಲೆ ಯಾರೂ ಅದಕ್ಕೆ ಹಣ ಕೊಡಲ್ಲ." ಅವರು ಇಡೀ ಸಭೆಗೆ ಕೇಳಿದರು, "ಇಂಥ ಸೊನ್ನೆ ಇನ್ನೂ ಎಷ್ಟು ಜನ ಬರೆದಿದ್ದೀರಿ?" ನಕ್ಕವರಲ್ಲೇ ಅರ್ಧ ಜನ ಕೈ ಎತ್ತಿದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಫಾರ್ಮು ತಿದ್ದಿ ಕಳಿಸಲು ಮೂರು ವಾರ ಸಮಯ ಕೊಟ್ಟರು. ಹಾಗಂತ ಮನಸ್ಸಿಗೆ ಬಂದದ್ದು ಬರೆಯುವಂತಿಲ್ಲ. ಹಿಂದಿನ ವರ್ಷಗಳಲ್ಲಿ ಖರ್ಚಾಗದ ಹಣವನ್ನು ಖರ್ಚಾಗಿದೆ ಅಂತ ತೋರಿಸಬಾರದು, ಅಲ್ಲಿ ಸೊನ್ನೆಯೇ ಇರಲಿ, ಬಿಟ್ಟಿ ದುಡಿಮೆ ಎಂದು ರಿಮಾರ್ಕ್ಸ್‌ನಲ್ಲಿ ಬರೆಯಿರಿ ಎಂದರು. ಮುಂದಿನ ಐದು ವರ್ಷದ ಅಂದಾಜಿನಲ್ಲಿ ಮೊತ್ತ ಹಾಕಬೇಕಿದ್ದರೆ ಪಂಚಾಯಿತಿಯ ನಿರ್ಣಯದ ಪ್ರತಿ ಇರಬೇಕು.

ಮರುದಿನ ನಾನೇ ನೀರಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ, ನನಗಾದ ಅವಮಾನವನ್ನೂ ಬಿಡದೆ. ಅವಳು ಕೇಳಿಸಿಕೊಂಡು, "ಈ ಆಯೋಗ ಅಂದ್ರೆ ಏನಮ್ಮ?" ಅಂದಳು.

"ನೋಡ್ರಿ, ಅಪ್ಪ ಗಳಿಸ್ತಾನ, ಮಕ್ಕಳು ಬ್ಯಾರೆ ಸಂಸಾರ ಮಾಡ್ತಾರ. ಅಪ್ಪ ಎಷ್ಟು ಇಟ್ಕೊಬೇಕು, ಮಕ್ಕಳಿಗೆ ಎಷ್ಟು ಕೊಡ್ಬೇಕು ಅಂತ ಹೇಳಾಕ ಹಿರಿಯರು ಕೂಡ್ತಾರಲ್ಲ, ಹಂಗ."

"ಹಿರೀಕ್ರು ಹೇಳಿದ್ದು ಅಪ್ಪ ಕೇಳ್ಲೇಬೇಕಾ?"

"ಇಲ್ರಿ. ವರದಿ ತಗೊಂಡು, ಯಾವುದನ್ನ ಏನು ಮಾಡ್ತೀವಿ ಅಂತ ಬರದು ಅಸೆಂಬ್ಲಿ ಮುಂದ ಇಡಬೇಕು ಅಷ್ಟ. ಒಪ್ಪಬಹುದು, ಬಿಡಬಹುದು."

"ಹಂಗಾದ್ರೆ ನಮ್ಮೂರ ಹಿರೀಕ್ರಂಗೇನೇ," ಎಂದು ನಕ್ಕಳು. ಆಮೇಲೆ ಮರಿಯ ಬಾಯಿಂದ ಬಾಟಲಿ ತೆಗೆದು ನನ್ನನ್ನೇ ನೋಡಿದಳು. "ನೀನು ಆ ರಿಮಾರ್ಕ್ಸಾಗೆ ನಾನು ಬಿಟ್ಟಿ ದುಡಿತೀನಿ ಅಂತ ಬರೆದ್ರೆ, ನಂಗೆ ಹತ್ತು ದಿನ ರಜಾ ಸಿಕ್ತೈತಾ?"

ಸಿಗುವುದಿಲ್ಲ ಎಂದೆ. ಈ ಸಲ ನೋಡುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಅವಳನ್ನು ಪಂಚಾಯಿತಿ ಕೆಲಸಕ್ಕೆ ಇಟ್ಟುಕೊಂಡರೆ ಮಾತ್ರ ರಜೆ. ಕೆಲಸವೇ ಅಲ್ಲದ್ದಕ್ಕೆ ರಜೆ ಎಲ್ಲಿಂದ ಬರಬೇಕು?

ಸರ್ಪಂಚರು ಮೊದಲು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಊರಿನ ಹೆಮ್ಮೆ ಅವರ ತಲೆಗೆ ಪೇಟದ ಹಾಗೆ ಕೂತಿತ್ತು. "ದುಡ್ಡು ಕೊಟ್ರೆ ಸರದಿ ಸತ್ತಂಗೆ ಮೇಡಂ. ನಮ್ಮಪ್ಪನ ಕಾಲ್ದಿಂದ ಬಂದಿದ್ದು," ಎಂದರು. ಎರಡನೆಯ ತೊಡಕು ನನ್ನದೇ. ಪಂಚಾಯಿತಿ ತನ್ನ ಆದಾಯದಲ್ಲಿ ಸಿಬ್ಬಂದಿಗೆ ಇಷ್ಟರೊಳಗೇ ಖರ್ಚು ಮಾಡಬೇಕೆಂದು ಮಿತಿ ಇದೆ. ನಮ್ಮ ಮನೆ ತೆರಿಗೆ ಪೂರ್ತಿ ವಸೂಲಾಗುತ್ತಿತ್ತು ನಿಜ, ಆದರೆ ಆ ಪೂರ್ತಿ ಅನ್ನುವುದೇ ಬಹಳ ಸಣ್ಣದು. ಇನ್ನೊಬ್ಬರಿಗೆ ಗೌರವಧನ ಕೊಡುವಷ್ಟು ಜಾಗ ಆ ಮಿತಿಯೊಳಗೆ ಇರಲಿಲ್ಲ.

ಆ ವಾರದ ಗ್ರಾಮಸಭೆ ಶಾಲೆಯ ಮುಂದೆ ನಡೆಯಿತು. ನಾನು ವಿಷಯ ಇಟ್ಟೆ. ಒಬ್ಬ ಹಿರಿಯರು ಕೂತಲ್ಲಿಂದಲೇ, "ಆಯಮ್ಮನಿಗೆ ಮಾಡು ಅಂದೋರ್ಯಾರು? ಸರದಿ ಪ್ರಕಾರ ಬಿಟ್ರೆ ಆಯ್ತಪ್ಪ," ಎಂದರು. ಕೆಲವರು ತಲೆಯಾಡಿಸಿದರು. ನನಗೆ ರೇಗಿತು, ತೆಲುಗಿಗೆ ಹೊರಳಬೇಕು ಅನ್ನುವಷ್ಟರಲ್ಲಿ ನೀರಕ್ಕ ಎದ್ದಳು. ಜಗಳವಾಡಲಿಲ್ಲ, ಅಳಲಿಲ್ಲ. ಮನೆಗೆ ಹೋಗಿ ರಾಡು ತಂದಳು.

"ಸರಿ ಯಜಮಾನ್ರೆ. ಇವತ್ತಿಂದ ಸರದಿನೇ. ನಮ್ಮನೆ ಪಕ್ಕದ ಮನೆಯಿಂದ ಶುರು ಮಾಡಾನ. ಬರ್ರಪ್ಪ ಎಲ್ರೂ, ಯಾರ ಬಾಗ್ಲಿಗೆ ಒರಗಿಸ್ಲಿ ತೋರ್ಸಿ."

ತಮಾಷೆಗೆ ಅಂತಲೇ ಜನ ಎದ್ದರು. ಅವಳು ಮುಂದೆ, ಸರ್ಪಂಚರು, ಹಿರಿಯರು, ನಾನು ಹಿಂದೆ. ಪಕ್ಕದ ಮನೆಗೆ ಬೀಗ. ಅವಳು ರಾಡು ಒರಗಿಸಿ, ಒಂದು ನಿಮಿಷ ಕಾದು, "ಅಣ್ಣ, ನೀರು ಬಿಡಪ್ಪೋ," ಎಂದು ಬೀಗಕ್ಕೆ ಕೂಗಿ, ರಾಡು ಎತ್ತಿಕೊಂಡಳು. ಜನ ನಕ್ಕರು. ಮುಂದಿನ ಮನೆಗೂ ಬೀಗ. ಅದರಾಚೆಯ ಮನೆಯಲ್ಲಿ ಕಣ್ಣು ಕಾಣದ ಮುದುಕಿ ಒಬ್ಬಳೇ. "ಈಯಮ್ಮನ್ನ ಎಬ್ಬುಸ್ಲಾ ನಾಳೆ ನಾಕು ಗಂಟಿಗೆ?" ಎಂದು ನೀರಕ್ಕ ಹಿರಿಯರನ್ನು ಕೇಳಿದಳು. ಆಮೇಲೆ ಬೀಗ, ಬೀಗ, ಮತ್ತೆ ಬೀಗ. ಪ್ರತಿ ಬೀಗಕ್ಕೂ ಅವಳು ಆ ಮನೆಯವರನ್ನು ಅಣ್ಣ, ಮಾವ ಎಂದು ವರಸೆ ಹಿಡಿದು ಮರ್ಯಾದೆಯಿಂದ ಕರೆದಳು. ಅರ್ಧ ಕೇರಿ ದಾಟುವಷ್ಟರಲ್ಲಿ ನಗು ನಿಂತಿತ್ತು.

ನಾನು ಮಾತ್ರ ಬಾಗಿಲು ಬಿಟ್ಟು ಗೋಡೆ ನೋಡುತ್ತಿದ್ದೆ. ಹಾಳು ಫಾರ್ಮಿನ ಬುದ್ಧಿ ಎಲ್ಲಿ ಹೋಗುತ್ತದೆ! ಬೀಗ ಹಾಕಿದ ಮನೆಗಳೇ ಊರಿನಲ್ಲಿ ಚೆಂದದ ಮನೆಗಳು. ಮೇಲೆ ಸ್ಲ್ಯಾಬು, ಮುಂದೆ ಟೈಲ್ಸು, ಒಂದಕ್ಕೆ ಮಹಡಿ ಬೇರೆ. ಹೊರಗೆ ದುಡಿದವರು ಕಟ್ಟಿಸಿ, ಹಬ್ಬಕ್ಕೆ ಮಾತ್ರ ಬಂದು ಇರುವ ಮನೆಗಳು. ನನ್ನ ರಿಜಿಸ್ಟರಿನಲ್ಲಿ ಇವೆಲ್ಲ ಇನ್ನೂ ಮಣ್ಣು ಹೊದಿಸಿದ ಮಾಳಿಗೆಯ ಹಳೇ ಮನೆಗಳಾಗಿಯೇ ಇದ್ದವು. ಹಿಂದಿನವರು ಬರೆದದ್ದನ್ನು ನಾನು ವರ್ಷವರ್ಷವೂ ಅಂದವಾಗಿ ಇಳಿಸಿಕೊಂಡು ಬಂದಿದ್ದೆ. ಪೂರ್ತಿ ವಸೂಲಿ ಅಂತ ಬೀಗುತ್ತಿದ್ದ ತೆರಿಗೆ, ಇಲ್ಲದ ಮಣ್ಣಿನ ಮನೆಗಳ ತೆರಿಗೆ. ನೀರಿನ ಸೊನ್ನೆಯೊಂದೇ ಅಲ್ಲ, ನನ್ನ ಹೆಮ್ಮೆಯ ಇನ್ನೊಂದು ಕಾಲಮ್ಮೂ ಸುಳ್ಳಾಗಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು, ಜೊತೆಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವೂ ಆಯಿತು. ತೆರಿಗೆ ಏರಿದರೆ ಸಿಬ್ಬಂದಿ ಖರ್ಚಿನ ಮಿತಿಯೂ ಏರುತ್ತದೆ, ದಾರಿ ಕಣ್ಣೆದುರೇ ಬೀಗ ಹಾಕಿಕೊಂಡು ನಿಂತಿತ್ತಲ್ಲ!

ಕೇರಿಯ ಕೊನೆಗೆ ತೆರೆದ ಬಾಗಿಲಿದ್ದದ್ದು ಸರ್ಪಂಚರ ಮನೆ. ನೀರಕ್ಕ ರಾಡನ್ನು ಅವರ ಬಾಗಿಲಿಗೆ ಒರಗಿಸಿ, ಕೈ ಒರೆಸಿಕೊಂಡು, ಮನೆಗೆ ಹೋಗಿಬಿಟ್ಟಳು.

ಸರ್ಪಂಚರು ಮಾತಿಗೆ ತಪ್ಪಲಿಲ್ಲ. ಮರುದಿನ ನಸುಕಿನಲ್ಲಿ ಹೋಗಿ ನೀರು ಬಿಟ್ಟರು. ಅದರ ಮರುದಿನವೂ ಅವರೇ, ಯಾಕೆಂದರೆ ಅವರ ನಂತರ ಬರುವ ಮುಂದಿನ ಕೇರಿಯ ಮನೆಗೂ ಬೀಗ. ಮೂರನೆಯ ದಿನ ಆಫೀಸಿಗೆ ಬಂದವರು ಕುರ್ಚಿಯಲ್ಲಿ ಕೂರಲು ಸೊಂಟ ಹಿಡಿದುಕೊಂಡು, "ಆ ನಿರ್ಣಯ ಬರೀರಿ ಮೇಡಂ," ಎಂದರು. ನಾನು ಮೊದಲೇ ಬರೆದಿಟ್ಟಿದ್ದೆ.

ಪಂಚಾಯಿತಿ ಸಭೆ ಎರಡು ನಿರ್ಣಯ ಮಾಡಿತು. ಒಂದು, ಮನೆಗಳನ್ನು ಈಗಿರುವ ಹಾಗೆ ಅಳೆದು ಹೊಸ ಹಣಕಾಸು ವರ್ಷದಿಂದ ತೆರಿಗೆ ಹಾಕುವುದು. ಎರಡು, ಆ ಆದಾಯ ಬಂದ ಮೇಲೆ ನೀರಕ್ಕನನ್ನು ಅರೆಕಾಲಿಕ ನೀರಿನ ಕೆಲಸಗಾರ್ತಿಯಾಗಿ ಗೌರವಧನದ ಮೇಲೆ ತೆಗೆದುಕೊಳ್ಳುವುದು. ಎರಡನೆಯದರ ಕೊನೆಗೆ ನಾನು ಒಂದು ಸಾಲು ಸೇರಿಸಿದ್ದೆ. 'ಸದರಿಯವರು ರಜೆಯಲ್ಲಿರುವಾಗ ಬದಲಿ ವ್ಯವಸ್ಥೆ ಮಾಡುವುದು ಪಂಚಾಯಿತಿಯ ಹೊಣೆ.' ಸದಸ್ಯರು ಅದನ್ನು ಓದದೆಯೇ ಸಹಿ ಹಾಕಿದರು. ಓದದೆ ಸಹಿ ಹಾಕುವ ಚಟದಿಂದ ಒಳ್ಳೆಯದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಿದ್ದಿದ ಫಾರ್ಮು ಗಡುವಿಗೆ ಎರಡು ದಿನ ಮುಂಚೆ ಹೋಯಿತು. ಹಿಂದಿನ ವರ್ಷಗಳ ಕಾಲಂನಲ್ಲಿ ಸೊನ್ನೆ, ಎದುರಿಗೆ 'ಒಬ್ಬ ಮಹಿಳೆಯ ಬಿಟ್ಟಿ ದುಡಿಮೆ'. ಮುಂದಿನ ಐದು ವರ್ಷದ ಕಾಲಂಗಳಲ್ಲಿ ಮೊದಲ ಬಾರಿಗೆ ಅಂಕಿ. ಮನೆ ತೆರಿಗೆಯ ಅಂದಾಜೂ ಏರಿತ್ತು. ಸ್ವಂತ ಆದಾಯಕ್ಕೆ ಪ್ರಯತ್ನಪಡುವ ಊರುಗಳನ್ನೂ ಆಯೋಗ ಗಮನಿಸುತ್ತದೆ ಎಂದು ಅನಂತಪುರದ ಅಧಿಕಾರಿ ಹೇಳಿದ್ದರು, ಅದರಿಂದ ಏನಾದರೂ ಆಗುತ್ತದೋ ಬಿಡುತ್ತದೋ ನನಗೆ ಗೊತ್ತಿಲ್ಲ. ಅಪ್‌ಲೋಡ್ ಆಯಿತು ಎಂದು ಪರದೆ ತೋರಿಸಿದಾಗ ನೀರಕ್ಕನ ಮನೆಗೆ ಹೋಗಿ ಹೇಳಿ ಬಂದೆ. ಈ ಸಲ ಟೀ ಅವಳು ಕೊಟ್ಟಳು, ಕುರಿ ಹಾಲಿನದು.

ಊರು ಬಿಟ್ಟವರಿಗೆ ತೆರಿಗೆಯ ನೋಟಿಸು ಬರೆದೆ. ಬಾಗಿಲಿಗೆ ಅಂಟಿಸಿ, ಫೋಟೋ ತೆಗೆದು ಅವರವರ ಫೋನಿಗೂ ಹಾಕಿದೆ. ಇಬ್ಬರು ಆಕ್ಷೇಪಣೆ ಬರೆದರು. ಅದರಲ್ಲೊಬ್ಬರ ಅಳತೆ ನಿಜಕ್ಕೂ ತಪ್ಪಾಗಿತ್ತು, ತಿದ್ದಿದೆ. ಒಬ್ಬ ಬೆಂಗಳೂರಿನಿಂದ ಫೋನು ಮಾಡಿ ಜಗಳಕ್ಕೇ ಬಿದ್ದ. "ವರ್ಷಕ್ಕೆ ನಾಕು ದಿನ ಇರ್ತೀವಿ, ಯಾಕಮ್ಮ ಇಷ್ಟು?" ಎಂದ. ಅವನ ಸರದಿಯ ನೀರನ್ನು ಇಷ್ಟು ವರ್ಷ ಯಾರು ಬಿಟ್ಟರು ಅಂತ ಹೇಳಿದೆ. "ಅಕ್ಕ ಇನ್ನೂ ಬಿಡ್ತಾಳಾ?" ಎಂದು ಕೇಳಿದ. ಏಪ್ರಿಲ್‌ನಲ್ಲಿ ಮೊದಲು ಕಟ್ಟಿದವನು ಅವನೇ.

ಆಯೋಗದ ವರದಿಯಲ್ಲಿ ನಮ್ಮಂಥ ಊರುಗಳ ಪಾಲು ಎಷ್ಟಾಯಿತು, ಸರಕಾರ ಅದರಲ್ಲಿ ಎಷ್ಟು ಒಪ್ಪುತ್ತದೆ ಎನ್ನುವುದು ಇದನ್ನು ಬರೆಯುವ ಹೊತ್ತಿಗೂ ನನಗೆ ತಿಳಿದಿಲ್ಲ. ಹಿರಿಯರು ಕೂತು ಎದ್ದರೆಂದು ಅಪ್ಪ ಅಷ್ಟು ಬೇಗ ಪೆಟ್ಟಿಗೆ ತೆಗೆಯುತ್ತಾನೆಯೇ? ಆದರೂ ನನಗೆ ಅದರ ಮೇಲೆ ಕೋಪವಿಲ್ಲ. ಕೇಳಬಾರದ್ದನ್ನು ಕೇಳಿ, ನಮ್ಮ ಊರು ತನ್ನ ಬೀದಿಯಲ್ಲಿ ತಾನೇ ನಡೆದು ನೋಡುವ ಹಾಗೆ ಮಾಡಿದ್ದು ಅದೇ.

ಮೊದಲ ಗೌರವಧನ ಟ್ರೆಜರಿಯಿಂದ ನೀರಕ್ಕನ ಖಾತೆಗೆ ಬಂದ ವಾರವೇ ಅವಳು ಆಫೀಸಿಗೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಬೆಂಚಿನ ಮೇಲೆ ಕೂತು, "ರಜಾ ಅರ್ಜಿ ಬರ್ಕೊಡು," ಎಂದಳು. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಪ್ರೀತಿಯಿಂದ ನಾನು ಯಾವ ಕಾಗದವನ್ನೂ ಬರೆದಿಲ್ಲ. ಹತ್ತು ದಿನ, ಕಾರಣ ಮೊಮ್ಮಗನ ಕೂದಲು ತೆಗೆಸುವುದು. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ಅಕ್ಷರ ಅಕ್ಷರ ಕೂಡಿಸಿ ಸಹಿಯನ್ನೇ ಮಾಡಿದಳು. ಸರ್ಪಂಚರು ನಿರ್ಣಯದ ಕೊನೆಯ ಸಾಲನ್ನು ಆಗ ಮೊದಲ ಬಾರಿ ಓದಿ ನನ್ನ ಕಡೆ ಗುರ್ರೆಂದರು. ಸದಸ್ಯರೆಲ್ಲ ದಿನಕ್ಕೊಬ್ಬರಂತೆ ನೀರು ಬಿಡುವುದೆಂದು ತೀರ್ಮಾನವಾಯಿತು. ನನಗೂ ಒಂದು ದಿನ ಬಂತು. ವಾಲ್ವನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಮೇಲಿನ ಕೇರಿಗೆ ಎರಡು ಸಲ ನೀರು ಬಿಟ್ಟು, ನಡುವಿನ ಕೇರಿಯವರಿಂದ ಬೈಸಿಕೊಂಡೆ. ಅಂಗೈಯಲ್ಲಿ ಗುಳ್ಳೆ ಎದ್ದವು.

ಅವಳು ಹೋದ ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಹಿಂದೆ ಮಗುವಿನ ಕೇಕೆ ಕೇಳುತ್ತಿತ್ತು.

"ಮೇಡಮ್ಮ, ನೀರು ಬಂತಾ?"

"ಬಂತ್ರಿ."

"ಮೂರು ಕೇರಿಗೂ?"

"ಮೂರಕ್ಕೂ ಬಂತ್ರಿ."

"ಕುರಿ ತೊಟ್ಟಿ?"

"ಅದೂ ತುಂಬೈತ್ರಿ. ನಾನ ನೋಡಿ ಬಂದೀನಿ."

ತಾನಿಲ್ಲದೆಯೂ ನೀರು ಬಂತೆಂದು ಅವಳಿಗೆ ಬೇಜಾರಾಯಿತೇನೋ ಎಂದು ನಾನು ಹೆದರಿದೆ. ಏನಾದರೂ ಸಮಾಧಾನ ಹೇಳಬೇಕು ಅನ್ನುವಷ್ಟರಲ್ಲಿ ಅವಳ ದನಿ ಕೇಳಿತು.

"ಇವತ್ತು ಬಿಸ್ಲು ಮುಖಕ್ಕೆ ಬೀಳೋಗಂಟ ಮಲಗಿದ್ದೆ ಕಣಮ್ಮ," ಎಂದಳು. "ಯಾರೂ ಎಬ್ಬುಸ್ಲಿಲ್ಲ. ನಾಳೇನೂ ಮಲಗ್ತೀನಿ."